‘ಶರಣು’ ಅಂದವರಿಗೆ ‘ಶರಣು ಶರಣಾರ್ಥಿ’ ಅನ್ನೋದು ನಿಂತದ್ದು ಯಾವಾಗ?

ಆಳಂದ_ರಸ್ತೆ (ಕಲಬುರಗಿ)

ಹೋದ ಭಾನುವಾರ ಬಸವಕಲ್ಯಾಣಕ್ಕೆ ಹೋಗಿದ್ದೆವು. ಸಂಬಂಧಿಕರ ಮನೆಯ ಗೃಹಪ್ರವೇಶ. ಬಾಗಿಲ ಹತ್ತಿರ ಎಂಬತ್ತು ದಾಟಿದ ಒಬ್ಬ ಮುತ್ಯಾ ಕೂತಿದ್ದರು. ಹತ್ತನೇ ಕ್ಲಾಸಿನ ನನ್ನ ಮಗ ಒಳಗೆ ಹೋಗ್ತಾ ‘ಶರಣ್ರಿ ಮುತ್ಯಾ’ ಅಂದ. ಮೊಬೈಲಿನಿಂದ ತಲೆ ಎತ್ತಿ ಅಷ್ಟು ಅಂದದ್ದೇ ನನಗೆ ಖುಷಿ. ಆದರೆ ಮುತ್ಯಾ ಕೋಲನ್ನು ಪಕ್ಕಕ್ಕಿಟ್ಟರು, ಎರಡೂ ಕೈ ಜೋಡಿಸಿದರು, ‘ಶರಣು ಶರಣಾರ್ಥಿ ಯಪ್ಪಾ’ ಅಂದರು. ಮೀಸೆ ಮೂಡದ ಹುಡುಗನಿಗೆ!

ವಾಪಸ್ ಬರುವಾಗ ಮಗ ಕೇಳಿದ: ‘ಪಪ್ಪಾ, ಆ ಮುತ್ಯಾ ನನಗ ಯಾಕ ರೆಫ್ಯೂಜಿ ಅಂದ್ರು?’ ಹಿಂದಿ ನ್ಯೂಸಿನಲ್ಲಿ ಶರಣಾರ್ಥಿ ಅಂದರೆ ನಿರಾಶ್ರಿತ ಅಂತ ಕೇಳಿದ್ದಾನೆ. ನಾನು ನಕ್ಕೆ. ಆದರೆ ಸರಿಯಾಗಿ ಬಿಡಿಸಿ ಹೇಳೋಕೆ ನನಗೂ ಬರಲಿಲ್ಲ.

ಆಮೇಲೆ ಯೋಚನೆ ಬಂತು. ನಮ್ಮ ಅಪ್ಪ ಯಾರು ‘ಶರಣು’ ಅಂದರೂ ‘ಶರಣು ಶರಣಾರ್ಥಿ’ ಅಂತಿದ್ದರು. ಬಂದದ್ದಕ್ಕಿಂತ ಉದ್ದದ ಉತ್ತರ. ನಾನು ಅಂಗಡಿಯಲ್ಲಿ ಕೂತು ‘ಹಾಂ ಶರಣ್ರಿ’ ಅಂತೀನಿ. ಮಗನಿಗೆ ಯಾರಾದರೂ ಶರಣು ಅಂದರೆ ಹುಬ್ಬು ಎತ್ತುತ್ತಾನೆ, ಮುಗೀತು. ಇದು ಯಾವಾಗ ಉಲ್ಟಾ ಆಯ್ತು? ನಿಮ್ಮ ಕಡೆ ಹೇಗಿದೆ?

ಹಳೇ_ಮೇಷ್ಟ್ರು (ಕಲಬುರಗಿ)

ಮೊದಲು ಹುಡುಗನ ಪ್ರಶ್ನೆ. ಅವನು ತಪ್ಪು ಕೇಳಿಸಿಕೊಂಡಿಲ್ಲ. ಎರಡೂ ಒಂದೇ ಪದ. ಶರಣ ಅಂದರೆ ಆಸರೆ, ಅದನ್ನು ಬೇಡುವವನು ಶರಣಾರ್ಥಿ. ಹಿಂದಿಯಲ್ಲಿ ಮನೆ ಮಠ ಬಿಟ್ಟು ಆಸರೆ ಹುಡುಕಿ ಬಂದವರಿಗೆ ಆ ಪದ ಅಂಟಿತು. ನಮ್ಮಲ್ಲಿ ‘ನಿಮ್ಮ ಆಸರೆ ಬೇಡುತ್ತೇನೆ’ ಅನ್ನೋದು ನಮಸ್ಕಾರವಾಯಿತು. ‘ಮನೆಯವರಿಗೆಲ್ಲ ನನ್ನ ಶರಣಾರ್ಥಿ ಹೇಳಿ’ ಅಂತ ಕಾಗದದಲ್ಲಿ ಬರೆಯುತ್ತಿದ್ದದ್ದು ನೆನಪಿರಬೇಕು. ಅಲ್ಲಿ ಅದು ಮನುಷ್ಯನೂ ಅಲ್ಲ, ಬೇಡಿಕೆಯೂ ಅಲ್ಲ, ಬರೀ ನಮಸ್ಕಾರ.

ಮುತ್ಯಾ ನಿಮ್ಮ ಮಗನಿಗೆ ಏನೂ ಅಂದಿಲ್ಲ. ತಮ್ಮ ಬಗ್ಗೆ ಹೇಳಿಕೊಂಡರು ಅಷ್ಟೇ.

ತ್ರಿಪುರಾಂತ_ಕೆರೆ (ಬಸವಕಲ್ಯಾಣ)

ನಮ್ಮೂರಿಗೆ ಬಂದು ಹರಳಯ್ಯನ ಕಥೆ ಕೇಳದೆ ಹೋದ್ರಾ? ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಹರಳಯ್ಯ ಚಪ್ಪಲಿ ಹೊಲಿಯುವವರು. ದಾರಿಯಲ್ಲಿ ಬಸವಣ್ಣ ಬರ್ತಿದ್ದರು. ಹರಳಯ್ಯ ‘ಶರಣು’ ಅಂದರು. ಬಸವಣ್ಣ ‘ಶರಣು ಶರಣಾರ್ಥಿ’ ಅಂದರು. ಅಷ್ಟೇ ಆದದ್ದು. ಆದರೆ ಹರಳಯ್ಯ ಮನೆಗೆ ಬಂದು ಊಟ ಬಿಟ್ಟು ಕೂತರು. ನಾನು ಒಂದು ಶರಣು ಕೊಟ್ಟೆ, ಅವರು ಎರಡು ಕೊಟ್ಟರು, ಒಂದು ನನ್ನ ಮೇಲೆ ಸಾಲ ಉಳಿಯಿತು ಅಂತ. ಆ ಸಾಲ ತೀರಿಸೋಕೆ ಗಂಡ ಹೆಂಡತಿ ಇಬ್ಬರೂ ತಮ್ಮ ತೊಡೆಯ ಚರ್ಮದಿಂದ ಚಪ್ಪಲಿ ಮಾಡಿದರು ಅಂತ ಕಥೆ.

ನಮ್ಮ ಆಯಿ ಈ ಕಥೆ ಹೇಳೋದೇ ನಾವು ಯಾರಿಗಾದರೂ ‘ಹ್ಞೂಂ’ ಅಂದಾಗ.

ಕೋಟೆ_ಗೋಡೆ (ಬೀದರ್)

ಕಥೆ ಚೆನ್ನಾಗಿದೆ, ಆದರೆ ಅದು ಕಥೆ. 12ನೇ ಶತಮಾನದಲ್ಲಿ ಜನ ಬೀದಿಯಲ್ಲಿ ಹೀಗೇ ಮಾತಾಡ್ತಿದ್ರು ಅನ್ನೋಕೆ ಇದು ಸಾಕ್ಷಿ ಆಗಲ್ಲ.

ಹಳೇ_ಮೇಷ್ಟ್ರು (ಕಲಬುರಗಿ)

ಒಪ್ಪಿದೆ. ಬಸವಣ್ಣನವರ ಕಾಲದ ಬೀದಿ ಮಾತನ್ನು ಕಥೆ ಹೇಳಲಾರದು. ಆದರೆ ಕಥೆ ಕಟ್ಟಿದವರಿಗೂ ಕೇಳಿದವರಿಗೂ ಒಂದು ಲೆಕ್ಕ ಗೊತ್ತಿತ್ತು ಅನ್ನೋದನ್ನು ಹೇಳುತ್ತದೆ. ನಮಸ್ಕಾರ ಅಂದರೆ ಕೊಡು ಕೊಳ್ಳುವ ವಸ್ತು, ವಾಪಸ್ ಕೊಡುವಾಗ ಸ್ವಲ್ಪ ಹೆಚ್ಚಿಗೆ ಹಾಕಿ ಕೊಡಬೇಕು. ಜೋಳ ಕಡ ತಂದವರು ವಾಪಸ್ ಅಳೆಯುವಾಗ ಮೇಲೊಂದು ಬೊಗಸೆ ಹಾಕ್ತಾರಲ್ಲ, ಹಾಗೆ. ಆ ಲೆಕ್ಕ ಗೊತ್ತಿಲ್ಲದವರಿಗೆ ಹರಳಯ್ಯ ಯಾಕೆ ಊಟ ಬಿಟ್ಟರು ಅಂತಲೇ ತಿಳಿಯಲ್ಲ.

ಟೀಚರಮ್ಮ_ರೋಜಾ (ಕಲಬುರಗಿ)

ಇದನ್ನು ಓದಿ ನಮ್ಮ ನಾನಿ ನೆನಪಾದರು. ದರ್ಗಾ ಹತ್ತಿರದ ಮನೆ. ಸಲಾಮಿಗೆ ಅದಕ್ಕಿಂತ ಒಳ್ಳೆಯದನ್ನು ವಾಪಸ್ ಕೊಡಿ, ಇಲ್ಲ ಅಷ್ಟನ್ನಾದರೂ ಕೊಡಿ ಅಂತ ಕುರಾನಿನಲ್ಲೇ ಇದೆ. ನಾನಿ ಅದನ್ನು ಮಕ್ಕಳ ಲೆಕ್ಕಕ್ಕೆ ಇಳಿಸಿದ್ದರು. ‘ಅಸ್ಸಲಾಮು ಅಲೈಕುಂ’ ಅಂದರೆ ಹತ್ತು ನೇಕಿ. ‘ವ ರಹ್ಮತುಲ್ಲಾಹಿ’ ಸೇರಿಸಿದರೆ ಇಪ್ಪತ್ತು. ‘ವ ಬರಕಾತುಹು’ ತನಕ ಹೋದರೆ ಮೂವತ್ತು. ನಾವು ಮಕ್ಕಳು ಮೂವತ್ತರ ಆಸೆಗೆ ಉಸಿರು ಕಟ್ಟಿ ಪೂರ್ತಿ ಹೇಳ್ತಿದ್ದೆವು. ಅದು ಹದೀಸಿನ ಮಾತು, ನಾನಿ ಹುಟ್ಟಿಸಿದ್ದಲ್ಲ ಅಂತ ದೊಡ್ಡವಳಾದ ಮೇಲೆ ಗೊತ್ತಾಯಿತು.

ಈಗ ಬೀದಿಯಲ್ಲಿ ಹುಡುಗರ ಬಾಯಲ್ಲಿ ಅದು ‘ಸ್ಲಾಮಾಲೇಕುಂ’. ಇನ್ನೂ ಅವಸರ ಇದ್ದರೆ ‘ಸಾಮಾಲೇಕುಂ’. ನಾನಿ ಉಳಿದದ್ದನ್ನೆಲ್ಲ ಸಹಿಸುತ್ತಿದ್ದರು, ಇದೊಂದನ್ನು ಸಹಿಸುತ್ತಿರಲಿಲ್ಲ. ಯಾಕಂದ್ರೆ ಸಲಾಮ್ ಅಂದರೆ ಶಾಂತಿ. ನಡುವಿನ ‘ಲ’ ನುಂಗಿದರೆ ಉಳಿಯೋದು ‘ಸಾಮ್’, ಅರಬ್ಬಿಯಲ್ಲಿ ಅದಕ್ಕೆ ಸಾವು ಅಂತ ಅರ್ಥ. ‘ಒಂದು ಅಕ್ಷರ ಉಳಿಸೋಕೆ ಎದುರಿನವನನ್ನು ಸಾಯಿಸ್ತೀಯಾ?’ ಅಂತ ಕಿವಿ ಹಿಂಡಿದ್ದು ಇನ್ನೂ ನೋವಿದೆ.

ನನ್ನ ಅಣ್ಣನ ಮಗ ಮೆಸೇಜಿನಲ್ಲಿ `AOA` ಅಂತ ಹಾಕ್ತಾನೆ. ಅವನಿಗೆ ಎಷ್ಟು ನೇಕಿ ಸಿಗುತ್ತೋ ನಾನಿಯೇ ಹೇಳಬೇಕಿತ್ತು.

ಫ್ಯಾಕ್ಟ್_ಪಾಟೀಲ (ಯಾದಗಿರಿ)

ಎಲ್ಲ ಹಾಳಾದದ್ದು ಫೋನ್ ಬಂದ ಮೇಲೆ. ಹಲೋ ಅನ್ನೋದು ಏನು ಗೊತ್ತಾ? ಫೋನ್ ಕಂಡುಹಿಡಿದ ಗ್ರಹಾಂ ಬೆಲ್‌ನ ಗೆಳತಿಯ ಹೆಸರು, ಮಾರ್ಗರೆಟ್ ಹಲೋ. ಮೊದಲ ಕರೆಯಲ್ಲಿ ಅವಳ ಹೆಸರು ಕರೆದ. ನಾವು ಶರಣು ಬಿಟ್ಟು ಯಾರದೋ ಗೆಳತಿಯ ಹೆಸರು ಜಪ ಮಾಡ್ತಿದ್ದೇವೆ. ಎಲ್ಲ ಸೋಮಾರಿತನ, ಮತ್ತೇನಲ್ಲ.

ಕೋಟೆ_ಗೋಡೆ (ಬೀದರ್)

ಅಣ್ಣಾ, ಆ ಗೆಳತಿ ವಾಟ್ಸಾಪಿನಲ್ಲಿ ಮಾತ್ರ ಇದ್ದಾಳೆ. ಬೆಲ್ ಮದುವೆಯಾದದ್ದು ಮೇಬಲ್ ಹಬ್ಬರ್ಡ್ ಅವರನ್ನು, 1877ರಲ್ಲಿ. ಫೋನಿನಲ್ಲಿ ‘ಅಹೋಯ್’ ಅನ್ನಬೇಕು ಅನ್ನೋದು ಬೆಲ್ ಆಸೆ, ಅದು ಹಡಗಿನವರು ಕೂಗುವ ಮಾತು. ಹಲೋ ಸಾಕು, ದೂರಕ್ಕೂ ಕೇಳುತ್ತೆ ಅಂತ ಅದೇ ವರ್ಷ ಕಾಗದ ಬರೆದದ್ದು ಎಡಿಸನ್. ಪದ ಅದಕ್ಕೂ ಮೊದಲೇ ಇತ್ತು. ಒಟ್ಟಿನಲ್ಲಿ ಅದು ಗಮನ ಸೆಳೆಯುವ ಕೂಗು. ಆಶೀರ್ವಾದ ಸವೆದು ಆದದ್ದಲ್ಲ.

ಫ್ಯಾಕ್ಟ್_ಪಾಟೀಲ (ಯಾದಗಿರಿ)

ಸರಿ, ಗೆಳತಿಯನ್ನು ಬಿಟ್ಟೆ. ಸೋಮಾರಿತನ ಅನ್ನೋ ಮಾತು ಬಿಡಲ್ಲ.

ಹಳೇ_ಮೇಷ್ಟ್ರು (ಕಲಬುರಗಿ)

ಬಿಡಬೇಕಾಗುತ್ತದೆ ಪಾಟೀಲರೇ. ಸೋಮಾರಿತನವೇ ಕಾರಣ ಆಗಿದ್ದರೆ ಎಲ್ಲ ಉದ್ದ ಪದಗಳೂ ಸವೆಯಬೇಕಿತ್ತು. ‘ತಹಸೀಲ್ದಾರ’ ಪದ ಇನ್ನೂ ಹಾಗೇ ಇದೆ. ಸವೆಯೋದು ದಿನಕ್ಕೆ ಐವತ್ತು ಸಲ ಬಾಯಿಗೆ ಬರುವ ಮಾತು. ಅದೂ ಕೇಳುವವನಿಗೆ ಮೊದಲೇ ಗೊತ್ತಿರುವ ಮಾತು. ನೀವು ಬಾಗಿಲಲ್ಲಿ ನಿಂತು ‘ಶ’ ಅಂದರೆ ಸಾಕು, ಮುಂದಿನದು ಏನು ಅಂತ ಎದುರಿನವರಿಗೆ ಗೊತ್ತು. ಬೇರೆ ಏನೂ ಬರೋ ಹಾಗೇ ಇಲ್ಲ. ಗೊತ್ತಿರುವುದನ್ನು ಪೂರ್ತಿ ಹೇಳೋಕೆ ನಾಲಿಗೆ ಶ್ರಮ ಪಡಲ್ಲ. ನಾಣ್ಯ ಸವೆದ ಹಾಗೆ. ಕೈ ಬದಲಾದಷ್ಟೂ ಅಕ್ಷರ ಅಳಿಸುತ್ತದೆ. ಆದರೂ ಅಂಗಡಿಯಲ್ಲಿ ನಡೆಯುತ್ತದೆ.

ನಮ್ಮ ಮಾತನ್ನೇ ಎಣಿಸಿ ನೋಡಿ. ‘ಶರಣು ಶರಣಾರ್ಥಿ’ಯಲ್ಲಿ ಏಳು ಅಕ್ಷರ. ಮೊದಲು ಬಿದ್ದದ್ದು ಎರಡನೇ ಪದ ಪೂರ್ತಿ. ಉಳಿದದ್ದು ‘ಶರಣು’. ಅದಕ್ಕೆ ‘ರಿ’ ಸೇರಿತು. ಕೊನೆಯ ‘ಉ’ ಬಿದ್ದು ‘ಶರಣ್ರಿ’ ಆಯಿತು. ಗಂಜ್‌ನಲ್ಲಿ ಬೆಳಗ್ಗೆ ನಿಂತು ಕೇಳಿ, ‘ಶರ್ಣ್ರಿ’ ಅಂತಾರೆ. ನಡುವಿನ ‘ರ’ದ ಸ್ವರವೂ ಹೋಯಿತು. ಈಗ ಗಮನಿಸಿ, ಇಷ್ಟೆಲ್ಲ ಬಿದ್ದರೂ ‘ರಿ’ ಬೀಳಲಿಲ್ಲ. ಬೀಳೋದಿರಲಿ, ಅದು ಹೊಸದಾಗಿ ಬಂದು ಸೇರಿಕೊಂಡಿತು. ‘ನಮಸ್ಕಾರ್ರಿ’, ‘ಆರಾಮ್ರಿ’, ‘ಬರ್ತೀನ್ರಿ’, ಎಲ್ಲದರಲ್ಲೂ ಹಾಗೇ. ಆಸರೆ, ಶಾಂತಿ, ಕ್ಷೇಮ ಅನ್ನೋ ಹಳೆ ಅರ್ಥಗಳ ಕೆಲಸ ಮುಗಿದಿದೆ. ಎದುರಿನವರಿಗೆ ಮರ್ಯಾದೆ ಕೊಟ್ಟೆಯೋ ಇಲ್ಲವೋ ಅನ್ನೋ ಕೆಲಸ ಮುಗಿದಿಲ್ಲ. ಇನ್ನೂ ಕೆಲಸ ಇರುವ ತುಂಡು ಸವೆಯಲ್ಲ.

ಬೇರೆ ಊರುಗಳಲ್ಲೂ ಇದೇ ಕಥೆ. ಇಟಲಿಯವರ ‘ಚಾವ್’ ಗೊತ್ತಲ್ಲ, ಈಗ ಇಲ್ಲಿನ ಹುಡುಗರೂ ಮೆಸೇಜಿನ ಕೊನೆಗೆ ಹಾಕ್ತಾರೆ. ಅದು ವೆನಿಸ್ ಕಡೆಯ ಮಾತು. ಮೂಲದಲ್ಲಿ ‘ನಾನು ನಿಮ್ಮ ಗುಲಾಮ’ ಅಂತ ಅರ್ಥ. ನಮ್ಮ ಶರಣಾರ್ಥಿಗೆ ಚಿಕ್ಕಪ್ಪನ ಮಗ ಅನ್ನಬಹುದು. ಈಗ ಅದನ್ನು ಗುಲಾಮನೂ ಹೇಳಲ್ಲ, ದೊರೆಗೂ ಹೇಳಲ್ಲ, ಗೆಳೆಯರು ಮಾತ್ರ ಹೇಳ್ತಾರೆ. ಇಂಗ್ಲಿಷಿನ ‘ಗುಡ್‌ಬೈ’ ಕೂಡ ‘ದೇವರು ನಿಮ್ಮ ಜೊತೆ ಇರಲಿ’ ಅನ್ನೋ ಪೂರ್ತಿ ವಾಕ್ಯ ಆಗಿತ್ತು. 16ನೇ ಶತಮಾನದಲ್ಲೇ ಮುದ್ದೆ ಆಯಿತು. ‘ಗುಡ್ ಡೇ’, ‘ಗುಡ್ ನೈಟ್’ ಪಕ್ಕದಲ್ಲಿದ್ದು ಇದ್ದು ‘ಗಾಡ್’ ಕೂಡ ‘ಗುಡ್’ ಆಗಿಬಿಟ್ಟಿತು. ದೇವರು ಹೋದದ್ದು ಯಾರಿಗೂ ಗೊತ್ತಾಗಲೇ ಇಲ್ಲ.

ಗುರುಮಠಕಲ್_ಗಡಿ (ಯಾದಗಿರಿ)

ನಮ್ಮ ಕಡೆ ತೆಲುಗು ಜಾಸ್ತಿ. ಹಳಬರು ‘ದಂಡಾಲು’ ಅಂತಾರೆ. ದಂಡ ಅಂದರೆ ಕೋಲು, ಕೋಲು ಬಿದ್ದ ಹಾಗೆ ನೆಲಕ್ಕೆ ಬೀಳೋ ನಮಸ್ಕಾರ. ಈಗ ದಂಡಾಲು ಅಂತ ಹೇಳುವವರು ಬೈಕ್ ನಿಲ್ಲಿಸೋದೂ ಇಲ್ಲ, ಹಾರ್ನ್ ಹೊಡೆದು ಹೋಗ್ತಾರೆ. ಮಾತಿಗಿಂತ ಮೊದಲು ಮೈ ಸವೆದಿದೆ ಅನ್ಸುತ್ತೆ. ಉದ್ದಕ್ಕೆ ಮಲಗೋದು ಹೋಗಿ ಬಾಗೋದು ಬಂತು. ಬಾಗೋದು ಹೋಗಿ ಮೊಣಕಾಲಿನ ತನಕ ಕೈ ಚಾಚೋದು ಬಂತು.

ಮೊಣಕಾಲು ಮುಟ್ಟಿದವರಿಗೆ ಹಿರಿಯರು ಏನಂತಾರೆ ಗಮನಿಸಿದ್ದೀರಾ? ನಮ್ಮ ಅಜ್ಜಿ ‘ನೂರು ಕಾಲ ಬಾಳು’ ಅಂತ ತಲೆ ಮೇಲೆ ಕೈ ಇಡ್ತಿದ್ದರು. ನಮ್ಮ ಅಮ್ಮ ‘ಇರ್ಲಿ ಇರ್ಲಿ, ಏಳು’ ಅಂತಾರೆ. ಅಂದ್ರೆ ಆಶೀರ್ವಾದ ಬೇಡ ಅಂದ ಹಾಗೆ ಅಲ್ವಾ?

ಟೀಚರಮ್ಮ_ರೋಜಾ (ಕಲಬುರಗಿ)

ಅಯ್ಯೋ, ಹೌದು! ನಾನೂ ‘ಇರ್ಲಿ ಇರ್ಲಿ’ ಪಾರ್ಟಿ. ಶಾಲೆಯಲ್ಲಿ ಹಳೆ ವಿದ್ಯಾರ್ಥಿ ಕಾಲಿಗೆ ಬಂದರೆ ನಾನೇ ನಾಚಿ ಹಿಂದೆ ಸರೀತೀನಿ. ಏನು ಹೇಳಬೇಕು ಅಂತ ಬಾಯಿಗೆ ಬರಲ್ಲ.

ನವ_ವರ (ಬೀದರ್)

ಸರಿಯಾದ ಜಾಗಕ್ಕೆ ಬಂದಿದ್ದೇನೆ ಅನ್ಕೋತೀನಿ. ಮದುವೆ ಪತ್ರಿಕೆ ನಾನೇ ಮೊಬೈಲಿನಲ್ಲಿ ಮಾಡ್ತಿದ್ದೇನೆ. ಎಲ್ಲರ ಪತ್ರಿಕೆಯಲ್ಲೂ ಹೆಸರಿನ ಮುಂದೆ ಚಿ.ರಾ. ಅಂತ ಇರುತ್ತೆ, ಹುಡುಗಿಗೆ ಚಿ.ಕುಂ.ಸೌ. ಅದು ಇನಿಶಿಯಲ್ಲಾ? ನನ್ನ ಇನಿಶಿಯಲ್ ಬೇರೆ ಇದೆ. ಗೆಳೆಯರಿಗೆ ಕಳಿಸೋಕೆ ನನ್ನ ಕಡೆಯಿಂದಲೇ ಒಂದು ಕಾರ್ಡ್ ಮಾಡ್ತಿದ್ದೇನೆ, ಅದರಲ್ಲೂ ಹಾಕ್ಬೇಕಾ?

ಹಳೇ_ಮೇಷ್ಟ್ರು (ಕಲಬುರಗಿ)

ನೀವು ಪ್ರಶ್ನೆ ತಪ್ಪಿ ಬಂದಿಲ್ಲ, ಸರಿಯಾಗಿ ವಿಷಯದ ನಡುವೆ ಬಿದ್ದಿದ್ದೀರಿ. ಚಿ. ಅಂದರೆ ಚಿರಂಜೀವಿ, ಬಹುಕಾಲ ಬಾಳುವವನು. ರಾ. ಅಂದರೆ ರಾಜಶ್ರೀ. ಹುಡುಗಿಗೆ ಚಿರಂಜೀವಿನಿ ಕುಂಕುಮ ಸೌಭಾಗ್ಯವತಿ. ಪೂರ್ತಿ ಆಶೀರ್ವಾದ ಅದು. ಅಕ್ಷರಕ್ಕೊಂದು ಚುಕ್ಕೆ ಇಟ್ಟು ಮಡಚಿ ಇಟ್ಟಿದ್ದಾರೆ. ಬಾಯಿಯಲ್ಲಿ ಸವೆಯೋದು ಒಂದು ದಾರಿ, ಕಾಗದದಲ್ಲಿ ಸವೆಯೋದು ಇನ್ನೊಂದು. ಬಾಯಿ ಸ್ವರ ನುಂಗುತ್ತದೆ, ಕಾಗದ ಮೊದಲ ಅಕ್ಷರ ಇಟ್ಟು ಉಳಿದದ್ದನ್ನು ಬಿಡುತ್ತದೆ. ‘ಉಭಯ ಕುಶಲೋಪರಿ’ ಅನ್ನೋದನ್ನು ನಮ್ಮ ಅಪ್ಪ ಕಾಗದದಲ್ಲಿ ಉ.ಕು. ಅಂತ ಎರಡೇ ಅಕ್ಷರದಲ್ಲಿ ಮುಗಿಸ್ತಿದ್ದರು. ಹಾಗಾಗಿ `AOA` ಹಾಕುವ ಹುಡುಗನನ್ನು ನಾನು ಬೈಯಲ್ಲ. ಅವನು ಉ.ಕು. ಬರೆದವರ ದಾರಿಯಲ್ಲೇ ಇದ್ದಾನೆ.

ಇನ್ನು ಕಾರ್ಡು. ತಂದೆ ತಾಯಿ ‘ನಮ್ಮ ಮಗ ಚಿ.ರಾ.’ ಅಂತ ಬರೆದರೆ ಅದು ಸರಿ, ಅವರು ಹರಸುತ್ತಿದ್ದಾರೆ. ನೀವೇ ಗೆಳೆಯರಿಗೆ ‘ನಾನು ಚಿ.ರಾ.’ ಅಂತ ಬರೆದರೆ ನಿಮ್ಮ ತಲೆ ಮೇಲೆ ನೀವೇ ಕೈ ಇಟ್ಟುಕೊಂಡ ಹಾಗೆ. ಆ ಕಾರ್ಡಿನಲ್ಲಿ ಬಿಡಿ.

ನವ_ವರ (ಬೀದರ್)

ನಲವತ್ತು ಜನರಿಗೆ ಕಳಿಸಿ ಆಯ್ತಲ್ಲ ಸರ್.

ಕೋಟೆ_ಗೋಡೆ (ಬೀದರ್)

😂 ಯಾರೂ ಗಮನಿಸಿರಲ್ಲ ಬಿಡಿ. ಅದೇ ಸವೆತಕ್ಕೆ ಸಾಕ್ಷಿ.

ಅಕ್ಕನ_ಅಡುಗೆಮನೆ (ಶಹಾಪುರ)

ಎಲ್ಲರೂ ಬರುವಾಗಿನ ಮಾತು ಹೇಳಿದ್ರಿ, ಹೋಗುವಾಗಿನದು ಯಾರೂ ಹೇಳಲಿಲ್ಲ. ನಮ್ಮಲ್ಲಿ ‘ಹೋಗ್ತೀನಿ’ ಅಂತ ಯಾರಾದರೂ ಅಂದರೆ ನಮ್ಮ ಅತ್ತಿ ಬಾಗಿಲಲ್ಲೇ ನಿಲ್ಲಿಸಿ ‘ಹೋಗಿ ಬರ್ತೀನಿ ಅನ್ನು’ ಅಂತ ಅನ್ನಿಸಿಯೇ ಬಿಡೋದು. ಹೋದವರು ತಿರುಗಿ ಬರಲಿ ಅಂತ. ಈಗ ಅದು ‘ಬರ್ತೀನ್ರಿ’ ಅಷ್ಟೇ. ನನ್ನ ಸೊಸೆ ಬೆಂಗಳೂರು ಕಡೆಯ ಶಾಲೆಯಲ್ಲಿ ಓದಿದವಳು, ಮನೆ ಮಾತು ಇಂಗ್ಲಿಷ್. ಮೊದಲ ಸಲ ಬಂದಾಗ ನೆಂಟರೊಬ್ಬರು ‘ಬರ್ತೀನವ್ವಾ’ ಅಂತ ಎದ್ದು ಹೋದರು. ಅವಳು ಬರ್ತಾರೆ ಅಂತ ಚಹಾ ಇಟ್ಟುಕೊಂಡು ಕಾದಳು!

ನೋಡಿ, ಇಲ್ಲಿ ಬಿದ್ದು ಹೋದದ್ದು ‘ಹೋಗಿ’. ಉಳಿದದ್ದು ‘ಬರ್ತೀನಿ’. ಕೆಟ್ಟದ್ದು ಹೋಗಿ ಒಳ್ಳೇದು ಉಳಿಯಿತು. ಇಂಗ್ಲಿಷಿನವರು ದೇವರನ್ನು ಕಳಕೊಂಡರು. ನಾವು ಏನೂ ಕಳಕೊಂಡಿಲ್ಲ.

ಕೋಟೆ_ಗೋಡೆ (ಬೀದರ್)

ಅಕ್ಕಾ, ಉಳಿದಿದೆ ನಿಜ. ಆದರೆ ‘ಬರ್ತೀನಿ’ ಅನ್ನುವಾಗ ಯಾರಾದರೂ ತಿರುಗಿ ಬರೋದನ್ನು ನೆನೀತಾರಾ? ಬಿಲ್ ಕೊಟ್ಟು ಹೋಟೆಲಿನವನಿಗೂ ‘ಬರ್ತೀನಿ’ ಅಂತೀವಿ.

ಅಕ್ಕನ_ಅಡುಗೆಮನೆ (ಶಹಾಪುರ)

ಆಸ್ಪತ್ರೆಗೆ ಅಡ್ಮಿಟ್ ಆಗೋಕೆ ಹೊರಟವರು ‘ಹೋಗ್ತೀನಿ’ ಅಂತ ಅನ್ನಲಿ ನೋಡೋಣ. ಮನೆ ಮಂದಿ ಎಲ್ಲ ಒಟ್ಟಿಗೆ ಬೈತಾರೆ. ಅರ್ಥ ಸತ್ತಿದ್ದರೆ ಯಾಕೆ ಬೈತಾರೆ?

ಹಳೇ_ಮೇಷ್ಟ್ರು (ಕಲಬುರಗಿ)

ಅಕ್ಕನವರ ಈ ಮಾತಿಗೆ ನನ್ನ ನಾಣ್ಯದ ಹೋಲಿಕೆ ನಿಲ್ಲಲ್ಲ. ಒಪ್ಪಿಕೊಂಡೆ. ಒಂದು ಮಾತಿನಲ್ಲಿ ಅರ್ಥ ಇನ್ನೂ ಇದೆಯೋ ಇಲ್ಲವೋ ಅಂತ ನೋಡೋಕೆ ನನಗೆ ಗೊತ್ತಿದ್ದ ಪರೀಕ್ಷೆ ಬೇರೆ. ಆ ಮಾತನ್ನು ಉಲ್ಟಾ ಅರ್ಥಕ್ಕೆ ಬಳಸೋಕೆ ಬರುತ್ತಾ? ‘ಅವನ ಸಹವಾಸಕ್ಕೆ ದೊಡ್ಡ ನಮಸ್ಕಾರ’ ಅಂತೀವಿ, ಅಂದರೆ ಬೇಡವೇ ಬೇಡ ಅಂತ. ‘ಸಾಹೇಬರಿಗೆ ಸಲಾಂ ಹೊಡೀತಾನೆ’ ಅಂದರೆ ಬೆಣ್ಣೆ ಹಚ್ತಾನೆ ಅಂತ. ಈ ಎರಡು ಮಾತೂ ಸವೆದಿವೆ. ‘ಬರ್ತೀನಿ’ಯನ್ನು ಹಾಗೆ ಬಳಸಿದ್ದು ನಾನು ಕೇಳಿಲ್ಲ.

ಫ್ಯಾಕ್ಟ್_ಪಾಟೀಲ (ಯಾದಗಿರಿ)

ಮೇಷ್ಟ್ರೇ ಸೋತರಲ್ಲ. ನನಗೆ ಅಷ್ಟು ಸಾಕು.

ಆಳಂದ_ರಸ್ತೆ (ಕಲಬುರಗಿ)

ಎಲ್ಲರಿಗೂ ಶರಣು. ಯಾವಾಗ ನಿಂತಿತು ಅನ್ನೋದು ಗೊತ್ತಾಗಲಿಲ್ಲ, ಹೇಗೆ ಅನ್ನೋದು ಸ್ವಲ್ಪ ಗೊತ್ತಾಯಿತು. ಸುಮ್ನೆ ಓದಿ ಬಿಡೋದು ಬೇಡ ಅಂತ ಮೂರು ದಿನದಿಂದ ಅಂಗಡಿಯಲ್ಲಿ ಒಂದು ಕೆಲಸ ಮಾಡ್ತಿದ್ದೇನೆ. ಯಾರು ಶರಣ್ರಿ ಅಂದರೂ ‘ಶರಣು ಶರಣಾರ್ಥಿ’ ಅಂತ ಪೂರ್ತಿ ಹೇಳ್ತೀನಿ.

ಮೊದಲ ದಿನ ಪೈಪು ತಗೊಂಡು ಹೋಗೋ ಪ್ಲಂಬರ್ ನನ್ನ ಮುಖ ನೋಡಿ ‘ಯಾಕ್ರಿ ಸಾವ್ಕಾರ್ರ, ಹಳೆ ಬಾಕಿ ಕೇಳ್ತೀರೇನ್ರಿ?’ ಅಂದ. ಎರಡನೇ ದಿನ ಒಬ್ಬರು ‘ಎಲೆಕ್ಷನ್‌ಗೆ ನಿಲ್ತೀರಾ?’ ಅಂದರು. ಗೆಳೆಯನೊಬ್ಬ ನಾನು ಅವನನ್ನು ಆಡಿಕೊಂಡೆ ಅಂತ ಮುನಿಸಿಕೊಂಡ. ಚಿಕ್ಕದು ರೂಢಿ ಆದ ಮೇಲೆ ಉದ್ದ ಹೇಳಿದರೆ ಜನ ಒಳಗೆ ಏನೋ ಇದೆ ಅಂತ ಹುಡುಕ್ತಾರೆ.

ಇವತ್ತು ಬೆಳಗ್ಗೆ ಸಿಮೆಂಟ್ ಚೀಲ ಇಳಿಸೋ ಹಮಾಲಿ ಕಾಕಾ ಬಂದರು. ಎಪ್ಪತ್ತರ ಹತ್ತಿರದ ವಯಸ್ಸು. ಅವರ ‘ಶರಣ್ರಿ’ಗೆ ನಾನು ಪೂರ್ತಿ ಹೇಳಿದೆ. ಹೆಗಲ ಮೇಲಿದ್ದ ಚೀಲ ಇಳಿಸಿ, ಕೈಯ ಸಿಮೆಂಟು ದೋತರಕ್ಕೆ ಒರೆಸಿಕೊಂಡು, ‘ಶರಣು ಶರಣಾರ್ಥಿ, ಶರಣು ಶರಣಾರ್ಥಿ’ ಅಂತ ಎರಡು ಸಲ ಅಂದರು.

ಈಗ ನನ್ನ ಮೇಲೆ ಎಷ್ಟು ಬಾಕಿ ಮೇಷ್ಟ್ರೇ?